ನಿಧಾನ ಟ್ರಾಫಿಕ್‌ಗೆ ರೈಡಿಂಗ್ ಜಾಕೆಟ್: ಆರ್ಮರ್ ಇರಬೇಕು, ಒಳಗೆ ಬೇಯಲೂಬಾರದು

ನಿಧಾನಸ್ಥ

ಎಲ್ಲರಿಗೂ ನಮಸ್ಕಾರ. ದಿನಾ ಆಫೀಸಿಗೆ ಬೈಕಲ್ಲೇ ಹೋಗಿ ಬರುತ್ತೇನೆ. ದಾರಿಯ ಮುಕ್ಕಾಲು ಭಾಗ ಗಾಡಿಗೆ ಗಾಡಿ ಅಂಟಿಕೊಂಡ ಟ್ರಾಫಿಕ್, ಸ್ಪೀಡ್ 10ರಿಂದ 20 ಕಿ.ಮೀ. ಅಷ್ಟೇ. ಕೊನೆಯಲ್ಲಿ ಸ್ವಲ್ಪ ದೂರ ಖಾಲಿ ರಸ್ತೆ ಸಿಗುತ್ತೆ, ಅಲ್ಲಿ 60-70 ಮುಟ್ಟುತ್ತೇನೆ. ಬೈಕಿಗೆ ಮುಂದೆ ಗಾಜು, ಫೇರಿಂಗ್ ಯಾವುದೂ ಇಲ್ಲ.

ಈಗ ಎರಡು ಜಾಕೆಟ್ ನೋಡಿಟ್ಟಿದ್ದೇನೆ. ಒಂದು ಪೂರ್ತಿ ಮೆಶ್, ಹಗುರ, ಲೇಬಲ್ ಮೇಲೆ ‘ಎ’ ಅಂತ ಇದೆ. ಇನ್ನೊಂದು ದಪ್ಪ ಬಟ್ಟೆಯದು, ಎದೆ ಮೇಲೆ ಎರಡು ಉದ್ದ ಜಿಪ್, ಬೆನ್ನಲ್ಲಿ ಎರಡು. ಜಿಪ್ ತೆಗೆದರೆ ಗಾಳಿ ಚೆನ್ನಾಗಿ ಆಡುತ್ತೆ ಅಂದರು. ಅದರ ಮೇಲೆ ‘ಎಎ’ ಇದೆ. ಬಿಸಿಲಲ್ಲಿ ನಿಂತು ನಿಂತು ಹೋಗುವ ನನ್ನಂಥವನಿಗೆ ಯಾವುದು ಸರಿ?

ಕ್ಲಚ್ ಕೇಬಲ್

ಯೋಚನೆನೇ ಬೇಡ ಗುರು, ಮೆಶ್ ತಗೋ. ಜಿಪ್ ಇರೋ ಜಾಕೆಟ್ ಹೈವೇಗೆ. ಆಮೇಲೆ ಒಳಗೆ ಪೆಟ್ಟು ತಡೆಯೋ ಆರ್ಮರ್ ಪ್ಯಾಡ್ ಲೆವೆಲ್ 1 ಸಾಕು, ಲೆವೆಲ್ 2 ಅಂದರೆ ದಪ್ಪ, ದಪ್ಪ ಅಂದರೆ ಸೆಕೆ.

ಹಳೇ ಸವಾರ

ಕ್ಲಚ್ ಕೇಬಲ್ ಹೇಳಿದ್ದರಲ್ಲಿ ಮೊದಲ ಮಾತು ಸರಿ, ಎರಡನೇದು ಅರ್ಧ ಸರಿ. ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಜಿಪ್ ಕೆಲಸ ಮಾಡಬೇಕಾದರೆ ಎದುರುಗಾಳಿ ಅದರೊಳಗೆ ನುಗ್ಗಬೇಕು. ಗಾಳಿಯ ಒತ್ತಡ ವೇಗದ ವರ್ಗದ ಲೆಕ್ಕದಲ್ಲಿ ಏರುತ್ತೆ, ಇಳಿಯುತ್ತೆ. 60ರಲ್ಲಿ ಹೋಗುವವನು 15ಕ್ಕೆ ಇಳಿದರೆ ವೇಗ ನಾಲ್ಕರಲ್ಲಿ ಒಂದು ಪಾಲಾಯಿತು, ಆದರೆ ಗಾಳಿಯ ಒತ್ತಡ ಹದಿನಾರರಲ್ಲಿ ಒಂದು ಪಾಲಿಗೆ ಬಂತು. 60ರಲ್ಲಿ ಎದೆಗೆ ತಣ್ಣಗೆ ಹೊಡೆಯುತ್ತಿದ್ದ ಅದೇ ಜಿಪ್ 15ರಲ್ಲಿ ತೆರೆದಿದೆಯೋ ಮುಚ್ಚಿದೆಯೋ ಗೊತ್ತೇ ಆಗುವುದಿಲ್ಲ. ಕಿರಿದಾದ ಸೀಳಿನಿಂದ ಗಾಳಿ ಒಳಗೆ ಹೋಗಿ, ಮೈ ಸುತ್ತಿ, ಬೆನ್ನಿನ ಸೀಳಿನಿಂದ ಹೊರಗೆ ಬರಬೇಕು. ಅಷ್ಟು ದೂರ ತಳ್ಳುವ ಶಕ್ತಿ ಅದಕ್ಕೆ ಇರುವುದಿಲ್ಲ.

ಹಾಗಾಗಿ ನಿಮ್ಮ ದಾರಿಗೆ ಜಾಕೆಟ್ ಆರಿಸುವಾಗ ‘ಎಷ್ಟು ಗಾಳಿ ಒಳಗೆ ಬರುತ್ತೆ’ ಅಂತ ಕೇಳಬೇಡಿ. ಗಾಳಿಯೇ ಇಲ್ಲದಾಗ ಬೆವರಿನ ಹಬೆ ಹೊರಗೆ ಹೋಗಲು ದಾರಿ ಇದೆಯಾ ಅಂತ ನೋಡಿ. ನಿಂತ ಟ್ರಾಫಿಕ್‌ನಲ್ಲಿ ಮೈ ತಂಪಾಗುವುದು ಹೆಚ್ಚಾಗಿ ಬೆವರು ಆರುವುದರಿಂದ. ಚರ್ಮಕ್ಕೂ ಹೊರಗಿನ ಗಾಳಿಗೂ ನಡುವೆ ಏನೇನಿದೆ ಅನ್ನುವುದೇ ಮುಖ್ಯ: ಒಳಗಿನ ಬನಿಯನ್ನೋ ಟೀ-ಶರ್ಟೋ, ಜಾಕೆಟ್ಟಿನ ಒಳಪದರ, ಪ್ಯಾಡ್, ಪ್ಯಾಡ್ ಜೇಬಿನ ಬಟ್ಟೆ, ಹೊರಗಿನ ಬಟ್ಟೆ. ಇವುಗಳಲ್ಲಿ ಒಂದು ಪದರ ಗಾಳಿ ಬಿಡದೆ ಹೋದರೂ ಹೊರಗಿನ ಮೆಶ್ ಸುಮ್ನೆ ಅಲಂಕಾರ.

ಬಿಳಿ ಹೆಲ್ಮೆಟ್

ಇಲ್ಲಿ ಒಂದು ಬೇರೆ ಮಾತು. ಗಾಳಿ ಮೈಗಿಂತ ಬಿಸಿ ಇದ್ದಾಗ ಮೆಶ್ ಹಾಕಿದರೆ ಬಿಸಿಗಾಳಿಯನ್ನೇ ಮೈಗೆ ಹೊಡೆಸಿಕೊಂಡ ಹಾಗೆ. ನಾನು ಒಣ ಪ್ರದೇಶಗಳಲ್ಲಿ ದೂರ ಹೋಗುವಾಗ ಜಿಪ್ಪೆಲ್ಲ ಮುಚ್ಚುತ್ತೇನೆ, ಆಗಲೇ ಹಿತ. ಮುಚ್ಚಿದ ಜಾಕೆಟ್ಟೇ ಒಳ್ಳೆಯದು ಅಂತ ನನ್ನ ಅಭಿಪ್ರಾಯ.

ಹಳೇ ಸವಾರ

ನೀವು ಹೇಳುವುದು ಹೈವೇ ಸ್ಪೀಡಿಗೆ, ಸುಡುವ ಒಣಗಾಳಿಗೆ ನಿಜ. ಚರ್ಮದ ಬಿಸಿ ಸುಮಾರು 35 ಡಿಗ್ರಿ. ಗಾಳಿ ಅದಕ್ಕಿಂತ ತುಂಬಾ ಜಾಸ್ತಿ ಬಿಸಿ ಇದ್ದು, ಜೋರಾಗಿ ಹೊಡೆದರೆ ಬೆವರು ಬಂದ ಹಾಗೇ ಆರಿಹೋಗುತ್ತೆ, ಮೈಗೆ ಬಿಸಿಯೂ ಏರುತ್ತೆ, ನೀರೂ ಬೇಗ ಕಳೆಯುತ್ತೆ. ಆದರೆ 15ರ ವೇಗದಲ್ಲಿ ಅಷ್ಟು ಗಾಳಿ ಎಲ್ಲಿ ಬರುತ್ತೆ? ಅಲ್ಲಿ ಮುಚ್ಚಿದ ಜಾಕೆಟ್ಟಿನೊಳಗೆ ಹಬೆ ತುಂಬಿಕೊಂಡು ಬೆವರು ಆರುವುದೇ ನಿಲ್ಲುತ್ತೆ. ನಿಧಾನಸ್ಥರ ಪ್ರಶ್ನೆಗೆ ಈ ಸಲಹೆ ಹೊಂದುವುದಿಲ್ಲ ಸರ್.

ಶನಿವಾರದ ಸವಾರಿ

ಮಳೆಗಾಲಕ್ಕೆ ನನ್ನ ಜಾಕೆಟ್ ಸೂಪರ್. ಒಳಗೆ ನೀರು ತಡೆಯೋ ಲೈನರ್ ಹೊಲಿದೇ ಬರುತ್ತೆ, ಬೇರೆ ರೇನ್‌ಕೋಟ್ ಬೇಕಾಗಿಲ್ಲ. ಅದನ್ನೇ ನೋಡಿ.

ನಿಧಾನಸ್ಥ

ನನ್ನ ತೊಂದರೆ ಬಿಸಿಲಿಂದು, ಮಳೆದಲ್ಲ.

ಹಳೇ ಸವಾರ

ಆದರೂ ಆ ಮಾತು ಇಲ್ಲಿ ಉಪಯೋಗಕ್ಕೆ ಬರುತ್ತೆ. ನೀರು ತಡೆಯುವ ಪದರ ಹೊಲಿದೇ ಇರುವ ಜಾಕೆಟ್ಟನ್ನು ಪಟ್ಟಿಯಿಂದಲೇ ತೆಗೆದುಬಿಡಿ. ಜಿಪ್ ಬಿಚ್ಚಿ ತೆಗೆಯುವ ಲೈನರ್ ಆದರೆ ಪರವಾಗಿಲ್ಲ. ಅಂಗಡಿಯಲ್ಲಿ ಜಾಕೆಟ್ ಹಾಕಿ ನೋಡುವ ಮೊದಲೇ ಅದನ್ನು ತೆಗೆಸಿ, ಇಲ್ಲದಿದ್ದರೆ ಅಳತೆಯೂ ತಪ್ಪುತ್ತೆ. ಲೈನರ್ ಜೊತೆ ಸರಿ ಕೂತ ಜಾಕೆಟ್ ಅದಿಲ್ಲದಾಗ ಸಡಿಲ.

ದೀಪಾ ಆನ್ ವೀಲ್ಸ್

ಆ ಸಡಿಲದ ಬಗ್ಗೆ ನಾನು ಹೇಳಲೇಬೇಕು. ನನ್ನ ಮೊದಲನೇ ಮೆಶ್ ಜಾಕೆಟ್ ಗಾಳಿ ಆಡಲಿ ಅಂತ ಒಂದು ಸೈಜ್ ದೊಡ್ಡದೇ ಕೊಟ್ಟರು. ಕೈ ಮುಂದೆ ಚಾಚಿ ಹ್ಯಾಂಡಲ್ ಹಿಡಿದರೆ ಮೊಣಕೈ ಪ್ಯಾಡ್ ಹೊರಬದಿಗೆ ತಿರುಗಿ ಮುಂಗೈ ಪಕ್ಕಕ್ಕೆ ಹೋಗಿಬಿಡುತ್ತಿತ್ತು. ಅಂಗಡಿಯಲ್ಲಿ ಕೈ ಇಳಿಬಿಟ್ಟು ನಿಂತಾಗ ಎಲ್ಲಾ ಸರಿಯಾಗೇ ಕಂಡಿತ್ತು. ಹೆಂಗಸರಿಗೆ ಈ ಕಷ್ಟ ಜಾಸ್ತಿ. ಗಂಡಸರ ಅಳತೆಯದನ್ನೇ ಚಿಕ್ಕದು ಮಾಡಿ ಕೊಡುತ್ತಾರೆ. ಎದೆ ಹತ್ತಿರ ಬಿಗಿ, ಭುಜದಲ್ಲಿ ಅಗಲ, ತೋಳು ಉದ್ದ.

ಈಗ ಇರುವುದರಲ್ಲಿ ಮೇಲ್ದೋಳಿಗೆ ಒಂದು, ಮುಂಗೈಗೆ ಒಂದು ಬಿಗಿಮಾಡುವ ಪಟ್ಟಿ ಇದೆ. ಎರಡನ್ನೂ ಎಳೆದು ಕಟ್ಟಿದರೆ ಪ್ಯಾಡ್ ಕದಲುವುದಿಲ್ಲ. ಗಾಳಿಗೆ ಇದರಿಂದ ಏನೂ ಕಮ್ಮಿ ಆಗಿಲ್ಲ.

ಸೂಜಿ ದಾರ

ನಾನು ರೈಡಿಂಗ್ ಬಟ್ಟೆ ರಿಪೇರಿ ಮಾಡುವವನು. ಬಿದ್ದು ಹರಿದ ಜಾಕೆಟ್ ಬಿಚ್ಚಿ ನೋಡುವುದೇ ನನ್ನ ಕೆಲಸ. ಮೇಡಂ ಹೇಳಿದ್ದು ನೂರಕ್ಕೆ ನೂರು ನಿಜ. ಪ್ಯಾಡ್ ಮೇಲೆ ಒಂದು ಗೀರೂ ಇಲ್ಲ, ಅದರ ಪಕ್ಕದ ಬಟ್ಟೆ ಪೂರ್ತಿ ಸವೆದು ತೂತಾಗಿರುತ್ತೆ. ಅಂಥವು ಬರುತ್ತಲೇ ಇರುತ್ತವೆ.

ಇನ್ನೊಂದು ವಿಷಯ. ಮೆಶ್ ಅಂದರೆ ಎಲ್ಲಾ ಒಂದೇ ಅಲ್ಲ. ನಾನು ನೋಡುವ ಮೊದಲ ಜಾಗ ಭುಜದ ತುದಿ ಮತ್ತು ಮೊಣಕೈ ಹೊರಬದಿ. ನೆಲಕ್ಕೆ ಮೊದಲು ತಾಗುವುದು ಅದೇ. ಅಲ್ಲಿ ಗಟ್ಟಿ ಬಟ್ಟೆ ಇರಬೇಕು, ಮೆಶ್ ಇರಬಾರದು. ಎದೆ, ಕಂಕುಳ, ತೋಳಿನ ಒಳಬದಿಯಲ್ಲಿ ಮೆಶ್ ಎಷ್ಟಿದ್ದರೂ ನನಗೆ ಚಿಂತೆ ಇಲ್ಲ. ಆಮೇಲೆ ಗಟ್ಟಿ ಬಟ್ಟೆಯೂ ಮೆಶ್ಶೂ ಸೇರುವ ಹೊಲಿಗೆ ನೋಡಿ. ಹೊರಗೆ ಒಂದೇ ಸಾಲು ದಾರ ಕಂಡರೆ ಒಳಗೆ ತಿರುಗಿಸಿ ನೋಡಿ. ಒಳಗೂ ಒಂದೇ ಸಾಲಾದರೆ ಆ ಜಾಕೆಟ್ ಬೇಡ. ಬಟ್ಟೆ ಸವೆಯುವ ಮೊದಲು ಹೊಲಿಗೆಯೇ ಬಾಯಿ ಬಿಡುತ್ತೆ.

ಕ್ಲಚ್ ಕೇಬಲ್

ಹಾಗಾದರೆ ಆ ಎ, ಎಎ ಅನ್ನೋದೆಲ್ಲ ಏನು? ಎ ಅಂದರೆ ಬರೀ ಫ್ಯಾಷನ್ನಾ?

ಹಳೇ ಸವಾರ

ಅಲ್ಲ. ಅದು ಇಎನ್ 17092 ಅನ್ನುವ ಯುರೋಪಿನ ಮಾನದಂಡದ ದರ್ಜೆ. ಮೇಲಿನಿಂದ ಕೆಳಗೆ ಎಎಎ, ಎಎ, ಎ. ಬಟ್ಟೆಯನ್ನು ಕಾಂಕ್ರೀಟ್ ಮೇಲೆ ಉಜ್ಜಿ ನೋಡುತ್ತಾರೆ. ಭುಜ, ಮೊಣಕೈಯಂಥ ಹೆಚ್ಚು ಅಪಾಯದ ಜಾಗದ ಬಟ್ಟೆ ಎ ದರ್ಜೆಗೆ ಗಂಟೆಗೆ 45 ಕಿ.ಮೀ. ವೇಗದಿಂದ ಜಾರಿ ನಿಲ್ಲುವಷ್ಟು ಉಜ್ಜುವಿಕೆಯನ್ನು ತೂತಾಗದೆ ತಡೆಯಬೇಕು. ಎಎಗೆ 70, ಎಎಎಗೆ 120. ಹೊಲಿಗೆ ಎಷ್ಟು ಎಳೆತ ತಾಳುತ್ತೆ ಅನ್ನುವುದೂ ಸೇರುತ್ತೆ. ಸೂಜಿ ದಾರ ಕಣ್ಣಲ್ಲಿ ನೋಡುವುದನ್ನೇ ಅವರು ಯಂತ್ರದಲ್ಲಿ ನೋಡುತ್ತಾರೆ.

ಸಿ ಅಂತ ಬರೆದಿದ್ದರೆ ಹುಷಾರು. ಅದು ಬರೀ ಪ್ಯಾಡ್ ಹಿಡಿದಿಟ್ಟುಕೊಳ್ಳುವ ಬನಿಯನ್ ಥರದ್ದು, ಉಜ್ಜುವಿಕೆಗೆ ಅದರಿಂದ ರಕ್ಷಣೆ ಇಲ್ಲ. ಬಿ ಅಂದರೆ ಬಟ್ಟೆ ಎ ಮಟ್ಟದ್ದು, ಆದರೆ ಪ್ಯಾಡ್ ಇಲ್ಲ.

ಎಎ ಆದರೆ ಸೆಕೆ, ಎ ಆದರೆ ತಂಪು ಅಂತ ನಿಯಮ ಇಲ್ಲ. ಎದೆ, ಒಳತೋಳಿಗೆ ಮೆಶ್, ಹೊರಬದಿಗೆ ಗಟ್ಟಿ ಬಟ್ಟೆ ಹಾಕಿ ಎಎ ಪಡೆದ ಜಾಕೆಟ್ಟುಗಳು ಇವೆ. ನಿಧಾನಸ್ಥರೇ, ನೀವು 60-70 ಮುಟ್ಟುತ್ತೀರಿ ಅಂದಿರಿ. ಮೂರನೇ ಆಯ್ಕೆಯಾಗಿ ಅಂಥದ್ದೊಂದನ್ನೂ ಹುಡುಕಿ.

ಬಿಳಿ ಹೆಲ್ಮೆಟ್

ಮುಕ್ಕಾಲು ದಾರಿ 20ರಲ್ಲಿ ಹೋಗುವವರಿಗೆ ಎ ಸಾಕಲ್ವಾ? ದಿನಾ ಹಾಕಿಕೊಳ್ಳುವ ಎ, ಸೆಕೆ ಅಂತ ಮನೆಯಲ್ಲೇ ಬಿಟ್ಟು ಹೋಗುವ ಎಎಗಿಂತ ಮೇಲು.

ಸೂಜಿ ದಾರ

ಅದೂ ನಿಜ. ಆದರೆ ನನ್ನ ಹತ್ತಿರ ಬರುವ ಜಾಕೆಟ್ಟುಗಳು ಖಾಲಿ ರಸ್ತೆಯಲ್ಲಿ ಬಿದ್ದವೇ ಹೆಚ್ಚು. ನಾನಾದರೆ ಕೊನೆಯ ಆ ಸ್ವಲ್ಪ ದೂರವನ್ನೇ ನೋಡಿ ತಗೋತೀನಿ.

ನಿಧಾನಸ್ಥ

ಸರಿ, ಮೂರನೇದೂ ನೋಡುತ್ತೇನೆ. ಅಂಗಡಿಯಲ್ಲಿ ಗಾಳಿ ಆಡುತ್ತೋ ಇಲ್ಲವೋ ಅಂತ ಹೇಗೆ ತಿಳಿಯೋದು? ಅಲ್ಲಿ ಬೈಕ್ ಓಡಿಸೋಕಾಗಲ್ಲ. ಪ್ಯಾಡ್ ಬಗ್ಗೆಯೂ ಹೇಳಿ, ಲೆವೆಲ್ 2 ಸೆಕೆ ಅಂದರಲ್ಲ.

ಹಳೇ ಸವಾರ

ಮೊದಲು ಲೈನರ್ ತೆಗೆಯಿರಿ. ಪ್ಯಾಡ್‌ಗಳನ್ನೂ ಜೇಬಿನಿಂದ ಹೊರಗೆ ಎಳೆಯಿರಿ, ಬೇಡ ಅಂದರೂ ಬಿಡಬೇಡಿ. ಆಮೇಲೆ ಜಾಕೆಟ್ಟನ್ನು ಬೆಳಕಿಗೆ ಹಿಡಿದು ಒಳಗಿನಿಂದ ನೋಡಿ. ಹೊರಗೆ ದೊಡ್ಡ ತೂತಿನ ಮೆಶ್ ಕಾಣುತ್ತೆ, ಆದರೆ ಅದರ ಹಿಂದೆಯೇ ಒಂದು ತೆಳು ಬಟ್ಟೆ ಹೊಲಿದು ಮುಚ್ಚಿರುತ್ತಾರೆ. ಅಲ್ಲಿ ಬೆಳಕು ಮಂಕಾಗುತ್ತೆ. ಅನುಮಾನ ಇದ್ದರೆ ಒಳಗೆ ಅಂಗೈ ಇಟ್ಟು ಹೊರಗಿನಿಂದ ಬಾಯಲ್ಲಿ ಊದಿ. ಉಸಿರು ಅಂಗೈಗೆ ತಾಗಬೇಕು. ಎದೆಯಲ್ಲಿ ಒಮ್ಮೆ, ಬೆನ್ನಲ್ಲಿ ಒಮ್ಮೆ, ಕಂಕುಳ ಕೆಳಗೆ ಒಮ್ಮೆ. ಬೆನ್ನಲ್ಲಿ ಊದುವುದನ್ನು ಎಲ್ಲರೂ ಮರೆಯುತ್ತಾರೆ. ಆದರೆ ಜಾಸ್ತಿ ಬೆವರುವುದು ಅಲ್ಲೇ.

ಇನ್ನು ಪ್ಯಾಡ್. ಕೈಕಾಲಿನ ಪ್ಯಾಡ್‌ಗೆ ಇಎನ್ 1621-1 ಅನ್ನುವ ಮಾನದಂಡ. ಹೊರಗಿಂದ ಬಿದ್ದ ಪೆಟ್ಟಿನಲ್ಲಿ ಒಳಗೆ ಎಷ್ಟು ದಾಟುತ್ತೆ ಅಂತ ಅಳೆಯುತ್ತಾರೆ. ಲೆವೆಲ್ 1ರಲ್ಲಿ ಸರಾಸರಿ 35 ಕಿಲೋನ್ಯೂಟನ್ ಮೀರಬಾರದು, ಲೆವೆಲ್ 2ರಲ್ಲಿ 20. ವ್ಯತ್ಯಾಸ ಸಣ್ಣದಲ್ಲ. ಸೆಕೆಯ ವಿಷಯಕ್ಕೆ ಬಂದರೆ ಭುಜ, ಮೊಣಕೈ ಪ್ಯಾಡ್ ಅಂಗೈಯಷ್ಟೋ ಸ್ವಲ್ಪ ದೊಡ್ಡದೋ ಇರುತ್ತೆ. ಎರಡು ಮಿ.ಮೀ. ದಪ್ಪ ಜಾಸ್ತಿ ಆದರೆ ಮೈಗೆ ಅದು ತಿಳಿಯುವುದು ಕಷ್ಟ. ತಿಳಿಯುವುದು ಆರಪಾರ ತೂತು ಇದೆಯೋ ಇಲ್ಲವೋ ಅನ್ನುವುದು. ಪ್ಯಾಡ್ ಬಾಯಿಗೆ ಹಿಡಿದು ಊದಿ. ಕೆಲವು ಪ್ಯಾಡ್‌ಗಳಲ್ಲಿ ತೂತು ಒಂದು ಬದಿ ಮಾತ್ರ ಕಾಣುತ್ತೆ, ಇನ್ನೊಂದು ಬದಿ ಮುಚ್ಚಿರುತ್ತೆ. ತೂತಿರುವ ಲೆವೆಲ್ 2, ತೂತಿಲ್ಲದ ಲೆವೆಲ್ 1ಕ್ಕಿಂತ ತಂಪು.

ನಿಜವಾಗಿ ಸೆಕೆ ಮಾಡುವುದು ಬೆನ್ನಿನ ಪ್ಯಾಡ್. ಎಲ್ಲಕ್ಕಿಂತ ದೊಡ್ಡದು ಅದೇ. ಎಷ್ಟೋ ಜಾಕೆಟ್ಟುಗಳಲ್ಲಿ ಬೆನ್ನಿನ ಜೇಬಿಗೆ ಬರೀ ಸ್ಪಂಜಿನ ತುಂಡು ಹಾಕಿ ಕಳಿಸುತ್ತಾರೆ, ಪೆಟ್ಟು ತಡೆಯುವ ಪ್ಯಾಡ್ ಅಂತ ಅದರ ಮೇಲೆ ಒಂದು ಅಕ್ಷರವೂ ಇರುವುದಿಲ್ಲ. ಅದು ಪೆಟ್ಟನ್ನೂ ತಡೆಯಲ್ಲ, ಹಬೆಯನ್ನೂ ಬಿಡಲ್ಲ, ಬೆವರು ಹೀರಿ ಮೈಗೆ ಒದ್ದೆಯಾಗಿ ಅಂಟುತ್ತೆ. ಅದನ್ನು ತೆಗೆದು ಇಎನ್ 1621-2 ಗುರುತಿರುವ ತೂತಿನ ಪ್ಯಾಡ್ ಹಾಕಿ. ಬೆನ್ನಿಗೆ ಮಿತಿ ಇನ್ನೂ ಬಿಗಿ, ಲೆವೆಲ್ 1ಕ್ಕೆ 18, ಲೆವೆಲ್ 2ಕ್ಕೆ 9 ಕಿಲೋನ್ಯೂಟನ್. ಇದೊಂದೇ ಬದಲಾವಣೆಯಲ್ಲಿ ಸೆಕೆಯೂ ಇಳಿಯುತ್ತೆ, ರಕ್ಷಣೆಯೂ ಏರುತ್ತೆ. ಕೊಳ್ಳುವ ಮೊದಲು ಬೆನ್ನಿನ ಜೇಬು ಉದ್ದ, ಅಗಲ ಅಳೆದುಕೊಳ್ಳಿ. ಎಲ್ಲಾ ಪ್ಯಾಡ್ ಎಲ್ಲಾ ಜೇಬಿಗೆ ಹಿಡಿಸಲ್ಲ.

ಡೆಲಿವರಿ ಬ್ಯಾಗ್

ನಾನು ದಿನವಿಡೀ ದೊಡ್ಡ ಬ್ಯಾಗ್ ಬೆನ್ನಿಗೆ ಹಾಕಿ ಓಡಾಡುವವನು. ನನಗೆ ಬೆನ್ನಿನ ಮೆಶ್, ತೂತಿನ ಪ್ಯಾಡ್ ಇವೆಲ್ಲ ಏನು ಉಪಯೋಗ ಅಣ್ಣ? ಬ್ಯಾಗ್ ಬಂದು ಮುಚ್ಚಿಬಿಡುತ್ತೆ. ಪ್ಯಾಡ್ ತೆಗೆದುಬಿಟ್ಟಿದ್ದೀನಿ.

ಹಳೇ ಸವಾರ

ಆಗುವುದಾದರೆ ಬ್ಯಾಗನ್ನು ಹಿಂದಿನ ಸೀಟಿಗೆ ಕಟ್ಟಿಬಿಡಿ ತಮ್ಮಾ. ಬ್ಯಾಗ್ ಬೆನ್ನ ಮೇಲಿದ್ದರೆ ಮುಂದಿನಿಂದ ಬಂದ ಗಾಳಿಗೂ ಹೊರಹೋಗುವ ದಾರಿ ಇಲ್ಲ, ಎದೆಯ ಮೆಶ್ಶೂ ಅರ್ಧ ಕೆಲಸ ಮಾಡುತ್ತೆ. ಆಗುವುದೇ ಇಲ್ಲ ಅಂದರೆ ಕಂಕುಳ ಮತ್ತು ಪಕ್ಕೆಯಲ್ಲಿ ಮೆಶ್ ಜಾಸ್ತಿ ಇರುವುದನ್ನು ಆರಿಸಿ. ಪ್ಯಾಡ್ ಮಾತ್ರ ವಾಪಸ್ ಹಾಕಿ. ಬ್ಯಾಗಿನೊಳಗೆ ಗಟ್ಟಿ ವಸ್ತು ಇದ್ದು ಅದರ ಮೇಲೆ ಬಿದ್ದರೆ ಬೆನ್ನುಮೂಳೆಗೆ ನೇರ ಪೆಟ್ಟು.

ಡೆಲಿವರಿ ಬ್ಯಾಗ್

ಸೀಟಿಗೆ ಕಟ್ಟಿದರೆ ಪ್ರತಿ ಸಲ ಬಿಚ್ಚಬೇಕು, ಟೈಮ್ ಇರಲ್ಲ. ಪಕ್ಕೆ ಮೆಶ್ ಇರೋದು ನೋಡ್ತೀನಿ.

ದೀಪಾ ಆನ್ ವೀಲ್ಸ್

ಒಳಗೆ ಹಾಕುವ ಬಟ್ಟೆ ಬಗ್ಗೆ ಯಾರೂ ಹೇಳಲಿಲ್ಲ. ಹತ್ತಿ ಟೀ-ಶರ್ಟ್ ಬೆವರು ಹೀರಿಕೊಂಡು ಹಾಗೇ ಕೂರುತ್ತೆ, ಆರುವುದಿಲ್ಲ. ಆಟಗಾರರು ಹಾಕುವ ತೆಳು ಪಾಲಿಯೆಸ್ಟರ್ ತುಂಬುತೋಳಿನ ಬನಿಯನ್ ಹಾಕಿದ ಮೇಲೆ ನನಗೆ ಪ್ಯಾಡ್ ಕೆಳಗೆ ಚರ್ಮ ಕೆಂಪಾಗುವುದು ನಿಂತಿತು. ಬರಿ ಚರ್ಮಕ್ಕೆ ಪ್ಯಾಡಿನ ಜೇಬು ಅಂಟಿಕೊಂಡು ಉಜ್ಜುತ್ತಿತ್ತು.

ಬಿಳಿ ಹೆಲ್ಮೆಟ್

ನೀರಲ್ಲಿ ನೆನೆಸಿ ಹಾಕುವ ಕೂಲಿಂಗ್ ವೆಸ್ಟ್ ಹೇಗೆ? ಒಣ ಹವೆಯಲ್ಲಿ ನನಗೆ ತುಂಬಾ ಚೆನ್ನಾಗಿ ಕೆಲಸ ಮಾಡಿದೆ.

ಹಳೇ ಸವಾರ

ಒಣ ಹವೆ, ಮೇಲೆ ಮೆಶ್ ಜಾಕೆಟ್, ಸ್ವಲ್ಪ ಚಲನೆ, ಇಷ್ಟೂ ಇದ್ದರೆ ಚೆನ್ನ. ಸಮುದ್ರದ ಬದಿಯ ಜಿಗುಟು ಹವೆಯಲ್ಲಿ ನೀರು ಆರುವುದೇ ಇಲ್ಲ, ಬೆಚ್ಚನೆಯ ಒದ್ದೆ ಬಟ್ಟೆ ಸುತ್ತಿಕೊಂಡ ಹಾಗಾಗುತ್ತೆ. ಬಣ್ಣದ ಮಾತೂ ಇಲ್ಲೇ ಸೇರಿಸಿಬಿಡುತ್ತೇನೆ. ಬಿಸಿಲಲ್ಲಿ ನಿಂತೇ ಇರುವವರಿಗೆ ತಿಳಿಬಣ್ಣ ನಿಜಕ್ಕೂ ಉಪಯೋಗ. ಬೇಗ ಕೊಳೆಯಾಗುತ್ತೆ, ಅಷ್ಟೇ.

ನಿಧಾನಸ್ಥ

ಹೋಗಿ ನೋಡಿ ಬಂದೆ. ಹೇಳಿದ್ದನ್ನೆಲ್ಲ ಮಾಡಿದೆ, ಹಾಗಾಗಿ ವಿವರವಾಗಿ ಬರೆಯುತ್ತೇನೆ.

ಮೊದಲನೇ ‘ಪೂರ್ತಿ ಮೆಶ್’ ಜಾಕೆಟ್ ಬೆಳಕಿಗೆ ಹಿಡಿದಾಗ ಎದೆಯಲ್ಲಿ ಚೆನ್ನಾಗಿ ಬೆಳಕು ಬಂತು. ಬೆನ್ನಲ್ಲಿ ಮಂಕು. ಊದಿದರೆ ಅಂಗೈಗೆ ಏನೂ ತಾಗಲಿಲ್ಲ. ಒಳಗೆ ಕೈ ಹಾಕಿ ನೋಡಿದರೆ ಬೆನ್ನಿನ ಜೇಬು ನೈಲಾನ್ ಬಟ್ಟೆಯದು, ಒಳಗೆ ಬೂದು ಸ್ಪಂಜು. ಭುಜದ ತುದಿಯಲ್ಲೂ ಮೆಶ್ಶೇ ಇತ್ತು. ಅಲ್ಲಿಗೆ ಅದನ್ನು ಬಿಟ್ಟೆ. ಎರಡನೇದರಲ್ಲಿ ಎಲ್ಲಾ ಜಿಪ್ ತೆಗೆದು, ಫ್ಯಾನ್ ಇಲ್ಲದ ಮೂಲೆಯಲ್ಲಿ ಹಾಕಿಕೊಂಡು ನಿಂತೆ. ಸ್ವಲ್ಪ ಹೊತ್ತಿಗೇ ಕುತ್ತಿಗೆ ಹತ್ತಿರ ಹಬೆ ಬರೋಕೆ ಶುರು.

ಮೂರನೇದು ಬೇರೆ ಅಂಗಡಿಯಲ್ಲಿ ಸಿಕ್ಕಿತು. ಎಎ ದರ್ಜೆ. ಎದೆ, ಕಂಕುಳ, ಒಳತೋಳು, ಬೆನ್ನಿನ ಮಧ್ಯ ಮೆಶ್. ಭುಜ, ಮೊಣಕೈ ಗಟ್ಟಿ ಬಟ್ಟೆ, ಒಳಗೆ ಎರಡು ಸಾಲು ಹೊಲಿಗೆ. ಬೆನ್ನಿನ ಜೇಬೂ ಮೆಶ್, ಊದಿದರೆ ಅಂಗೈಗೆ ತಾಗುತ್ತೆ. ಭುಜ, ಮೊಣಕೈ ಪ್ಯಾಡ್ ಲೆವೆಲ್ 2, ಆರಪಾರ ತೂತು. ಬೆನ್ನಿಗೆ ಏನೂ ಇಲ್ಲ, ಜೇಬು ಖಾಲಿ.

ನನ್ನ ಮಾಮೂಲಿ ಸೈಜಿನಲ್ಲಿ ದೀಪಾ ಮೇಡಂ ಹೇಳಿದ ಹಾಗೇ ಆಯ್ತು. ಅಲ್ಲೇ ಒಂದು ಬೈಕ್ ಮೇಲೆ ಕೂತು ಕೈ ಚಾಚಿದೆ, ಗೆಳೆಯನಿಗೆ ಮೊಣಕೈ ಪ್ಯಾಡ್ ಹಿಡಿದು ತಿರುಗಿಸೋಕೆ ಹೇಳಿದೆ. ಅರ್ಧ ಸುತ್ತು ಹೋಯಿತು. ಒಂದು ಸೈಜ್ ಚಿಕ್ಕದರಲ್ಲಿ ಪಟ್ಟಿ ಬಿಗಿ ಮಾಡಿದ ಮೇಲೆ ಒಂದು ಬೆರಳಿನಷ್ಟು ಮಾತ್ರ ಕದಲಿತು. ಎದೆ ಬಿಗಿ ಅನಿಸಲಿಲ್ಲ. ಅದನ್ನೇ ಎತ್ತಿಡೋಕೆ ಹೇಳಿದ್ದೇನೆ. ಮೊದಲನೇದಕ್ಕಿಂತ ತೂಕ ಜಾಸ್ತಿ ಇದೆ, ಅದೊಂದೇ ಮನಸ್ಸಿಗೆ ಕೊರೆಯುತ್ತಿದೆ.

ಸೂಜಿ ದಾರ

ತೂಕ ಹಾಕಿಕೊಂಡ ಮೇಲೆ ಭುಜದ ಮೇಲೆ ಹಂಚಿಹೋಗುತ್ತೆ. ಕೈಯಲ್ಲಿ ಹಿಡಿದಾಗ ಇರುವಷ್ಟು ಅನಿಸಲ್ಲ. ಕಾಲರ್ ನೋಡಿದಿರಾ? ಗುಂಡಿ ಹಾಕದೆ ಹಿಂದಕ್ಕೆ ಮಡಿಚಿ ಸಿಕ್ಕಿಸೋಕೆ ಕೊಕ್ಕೆ ಇದ್ದರೆ ಟ್ರಾಫಿಕ್‌ನಲ್ಲಿ ಕುತ್ತಿಗೆಯಿಂದ ಬಿಸಿ ಹೋಗುತ್ತೆ. ಮುಂದಿನ ಮುಖ್ಯ ಜಿಪ್ ಮಾತ್ರ ಅರ್ಧ ತೆಗೆದು ಓಡಿಸಬೇಡಿ. ಬಿದ್ದಾಗ ಭುಜವೇ ಜಾರಿಹೋಗುತ್ತೆ, ಪ್ಯಾಡ್ ಎಲ್ಲೋ, ಮೂಳೆ ಎಲ್ಲೋ.

ನಿಧಾನಸ್ಥ

ಕಾಲರ್ ನೋಡಲಿಲ್ಲ, ನಾಳೆ ನೋಡುತ್ತೇನೆ. ಮಣಿಕಟ್ಟಿನ ಜಿಪ್ ತೆರೆದಿಟ್ಟರೆ ಪರವಾಗಿಲ್ವಾ?

ಸೂಜಿ ದಾರ

ಮುಂಗೈ ಪಟ್ಟಿ ಬಿಗಿಯಾಗಿದ್ದರೆ ತೊಂದರೆ ಇಲ್ಲ. ಪಟ್ಟಿ ಇಲ್ಲದ ಜಾಕೆಟ್ಟಿನಲ್ಲಿ ತೋಳು ಮೇಲಕ್ಕೆ ಸರಿಯುತ್ತೆ, ಬೇಡ.

ಕ್ಲಚ್ ಕೇಬಲ್

ಮೆತ್ತನೆ ಪ್ಯಾಡ್ ಬಿಸಿಲಿಗೆ ಇನ್ನೂ ಮೆತ್ತಗಾಗುತ್ತೆ ಅಂತ ಕೇಳಿದ್ದೀನಿ. ಆಗ ಲೆವೆಲ್ 2 ಅಂತ ಬರೆದಿದ್ದಕ್ಕೆ ಅರ್ಥ ಇದೆಯಾ?

ಹಳೇ ಸವಾರ

ಒಳ್ಳೆ ಪ್ರಶ್ನೆ. ಪೆಟ್ಟು ಬಿದ್ದಾಗ ಗಟ್ಟಿಯಾಗುವ ಜಾತಿಯ ಪ್ಯಾಡ್‌ಗಳು ಬಿಸಿಗೆ ಮೆತ್ತಗಾಗುವುದು ನಿಜ. ಅದಕ್ಕೇ ಬಿಸಿಯಲ್ಲಿ ಪರೀಕ್ಷೆ ಮಾಡಿಸುವ ಅವಕಾಶ ಮಾನದಂಡದಲ್ಲಿದೆ, ಆದರೆ ಕಡ್ಡಾಯ ಅಲ್ಲ. 40 ಡಿಗ್ರಿಯಲ್ಲೂ ಪಾಸಾದ ಪ್ಯಾಡ್ ಮೇಲೆ ‘ಟಿ ಪ್ಲಸ್’ ಗುರುತು ಇರುತ್ತೆ. ನಮ್ಮ ಈ ಬಳಕೆಗೆ ನಾನು ಆ ಗುರುತನ್ನು ಲೆವೆಲ್ ಅಂಕಿಯಷ್ಟೇ ಮುಖ್ಯ ಅಂತ ನೋಡುತ್ತೇನೆ. ನಿಧಾನಸ್ಥರೇ, ಪ್ಯಾಡ್ ಹೊರಗೆ ತೆಗೆದಾಗ ಅದನ್ನೂ ಓದಿ.

ಬಿಳಿ ಹೆಲ್ಮೆಟ್

ಎದೆಯ ಪ್ಯಾಡ್ ಬಗ್ಗೆ ಏನಂತೀರಿ? ಜೇಬು ಇದ್ದರೆ ಹಾಕಲೇಬೇಕು ಅಂತ ನಾನು.

ದೀಪಾ ಆನ್ ವೀಲ್ಸ್

ಟ್ರಾಫಿಕ್‌ಗೆ ಬೇಡ ಅಂತ ನಾನು. ಗಾಳಿ ನೇರವಾಗಿ ಬರುವ ಒಂದೇ ಜಾಗ ಎದೆ. ಅದನ್ನೂ ಮುಚ್ಚಿದರೆ ಮೆಶ್ ತಗೊಂಡು ಏನು ಬಂತು? ಊರಾಚೆ ಹೋಗುವ ದಿನ ಹಾಕುತ್ತೇನೆ, ಜೇಬಿಂದ ತೆಗೆಯೋಕೆ ಎರಡು ನಿಮಿಷ ಸಾಕು.

ಹಳೇ ಸವಾರ

ನನ್ನ ಅಭ್ಯಾಸವೂ ಮೇಡಂ ಹೇಳಿದ ಹಾಗೇ. ಆದರೆ ಟ್ರಾಫಿಕ್‌ನಲ್ಲಿ ಮುಂದಿನ ಗಾಡಿಗೆ ಎದೆ ಕೊಟ್ಟು ಗುದ್ದುವ ಸಾಧ್ಯತೆ ಇರುವುದರಿಂದ, ಬಿಳಿ ಹೆಲ್ಮೆಟ್ ಅವರ ಮಾತನ್ನು ತಳ್ಳಿಹಾಕಲಾರೆ. ಎಡ ಬಲ ಎರಡು ತುಂಡಾಗಿ ಬರುವ ತೂತಿನ ಎದೆ ಪ್ಯಾಡ್ ಹಾಕಿದರೆ ನಡುವೆ ಸ್ವಲ್ಪ ಗಾಳಿ ಉಳಿಯುತ್ತೆ. ಹಾಕಿಕೊಂಡು ನೋಡಿಯೇ ತೀರ್ಮಾನಿಸಬೇಕು.

ನಿಧಾನಸ್ಥ

ಇವತ್ತು ಮತ್ತೆ ಹೋಗಿದ್ದೆ. ಕಾಲರ್‌ಗೆ ಕೊಕ್ಕೆ ಇದೆ. ಮೊಣಕೈ ಪ್ಯಾಡ್ ಮೇಲೆ ಟಿ ಪ್ಲಸ್ ಇದೆ, ಭುಜದ ಪ್ಯಾಡ್ ಮೇಲೆ ಕಾಣಲಿಲ್ಲ, ಎರಡೂ ಬೇರೆ ಬೇರೆ ಮಾದರಿ. ಜಾಕೆಟ್ ತಗೊಂಡೆ. ಬೆನ್ನಿನ ಜೇಬಿನ ಅಳತೆ ಬರೆದುಕೊಂಡಿದ್ದೇನೆ, ಉದ್ದ 44 ಸೆಂ.ಮೀ., ಅಗಲ 29. ಈ ಜೇಬಿಗೆ ಕೂರುವ ಲೆವೆಲ್ 2 ತೂತಿನ ಪ್ಯಾಡ್ ಯಾರಾದರೂ ಬಳಸುತ್ತಿದ್ದರೆ ಅದರ ಅಳತೆ ಹಾಕಿ. ಭುಜದ ಪ್ಯಾಡ್ ಬದಲಿಸಬೇಕಾ ಅನ್ನೋದನ್ನೂ ಹೇಳಿ.

ಹಳೇ ಸವಾರ

ಭುಜದ್ದು ಸದ್ಯಕ್ಕೆ ಇರಲಿ, ಮೊದಲು ಬೆನ್ನಿನ ಜೇಬು ತುಂಬಿಸಿ. ಅಳತೆಗೆ ರಟ್ಟು ಕತ್ತರಿಸಿ ಜೇಬಿಗೆ ಹಾಕಿ, ಬೈಕ್ ಮೇಲೆ ಬಗ್ಗಿ ಕೂತು ನೋಡಿ. ಮೇಲಿನ ತುದಿ ಹೆಲ್ಮೆಟ್ಟಿಗೆ ತಾಗಿದರೆ ಒಂದು ಅಳತೆ ಚಿಕ್ಕ ಪ್ಯಾಡ್ ತಗೋಬೇಕು. ಜೇಬಿಗಿಂತ ತೀರಾ ಚಿಕ್ಕದಾದರೂ ಕೆಳಗೆ ಜಾರಿ ಕೂರುತ್ತೆ, ಆಗ ಬೆನ್ನಿನ ಮೇಲರ್ಧ ಖಾಲಿ ಉಳಿಯುತ್ತೆ. ರಟ್ಟಿನ ಅಳತೆ ಬಂದ ಮೇಲೆ ಇಲ್ಲೇ ಹಾಕಿ, ನೋಡೋಣ.